ಲೋಹದ ಮೂಲೆಯಲ್ಲಿ ವಿದ್ಯುತ್ ಕ್ಷೇತ್ರ: ಒಂದು ನಕ್ಷೆಯ ಲೆಕ್ಕ

ಚೌಕಾಕಾರದ ಒಂದು ಉದ್ದನೆಯ ತಾಮ್ರದ ಪಟ್ಟಿಗೆ ಹೆಚ್ಚಿನ ವೋಲ್ಟೇಜ್ ಕೊಟ್ಟು ಕೋಣೆಯ ದೀಪ ಆರಿಸಿದರೆ, ಅದರ ಚಪ್ಪಟೆ ಮೈ ಕತ್ತಲಾಗಿಯೇ ಇರುತ್ತದೆ. ಅಂಚುಗಳ ಉದ್ದಕ್ಕೂ ಮಾತ್ರ ಮಸುಕಾದ ನೇರಳೆ ಬೆಳಕು ಕಾಣಿಸಬಹುದು, ಸಣ್ಣಗೆ ಚುಯ್ಯೆನ್ನುವ ಸದ್ದೂ ಕೇಳಬಹುದು. ಕರೋನಾ ಎಂದು ಕರೆಯುವುದು ಇದನ್ನೇ. ಅಂಚಿನಲ್ಲಿ ವಿದ್ಯುತ್ ಕ್ಷೇತ್ರ ಚಪ್ಪಟೆ ಮೈಗಿಂತ ತೀವ್ರವಾಗಿದ್ದು, ಅಲ್ಲಿನ ಗಾಳಿ ಮೊದಲು ಸೋಲುತ್ತದೆ. ಅದೇ ಪಟ್ಟಿಯಲ್ಲಿ ಒಂದು ಗಾಡಿ ಕೊರೆದಿದ್ದರೆ ಗಾಡಿಯ ಒಳಮೂಲೆಯಲ್ಲಿ ಮಾತ್ರ ಏನೂ ಆಗುವುದಿಲ್ಲ, ಏಕೆಂದರೆ ಅಲ್ಲಿ ಕ್ಷೇತ್ರ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಚೂಪಾದಲ್ಲಿ ಕ್ಷೇತ್ರ ಹೆಚ್ಚು ಎಂಬ ಮಾತು ಶಾಲೆಯಲ್ಲೇ ಕಿವಿಗೆ ಬಿದ್ದಿರುತ್ತದೆ. ಎಷ್ಟು ಹೆಚ್ಚು, ಮತ್ತು ಅಂಚಿನತ್ತ ಸರಿದಂತೆ ಯಾವ ಲೆಕ್ಕದಲ್ಲಿ ಹೆಚ್ಚುತ್ತದೆ ಎಂಬುದಕ್ಕೆ ಉತ್ತರ ಕೊಡುವ ವಿಧಾನದ ಹೆಸರು ಕೋನರಕ್ಷಕ ಚಿತ್ರಣ, ಅಂದರೆ ಕಾನ್ಫಾರ್ಮಲ್ ಮ್ಯಾಪಿಂಗ್.

ಮೊದಲು ಭೌತವಿಜ್ಞಾನದ ಎರಡು ಮಾತು. ನಿಂತ ವಿದ್ಯುತ್ತಿನ ಸ್ಥಿತಿಯಲ್ಲಿ ಲೋಹದ ಒಳಗೆ ಕ್ಷೇತ್ರ ಇರುವುದಿಲ್ಲ. ಇದ್ದಿದ್ದರೆ ಅದರೊಳಗಿನ ಎಲೆಕ್ಟ್ರಾನುಗಳು ಹರಿದು ಅದನ್ನು ಅಳಿಸಿಬಿಡುತ್ತಿದ್ದವು. ಹಾಗಾಗಿ ಲೋಹದ ಇಡೀ ಮೈ ಒಂದೇ ವೋಲ್ಟೇಜಿನಲ್ಲಿರುತ್ತದೆ. ಎರಡನೆಯದು ಲೋಹದ ಸುತ್ತಲಿನ ಗಾಳಿಯ ಮಾತು. ಆವೇಶವಿಲ್ಲದ ಜಾಗದಲ್ಲಿ ವಿಭವ ಲಾಪ್ಲಾಸ್ ಸಮೀಕರಣವನ್ನು ಪಾಲಿಸುತ್ತದೆ. ಸಮೀಕರಣದ ಹೆಸರು ಭಾರವಾದರೂ ತಾತ್ಪರ್ಯ ಹಗುರ: ಗಾಳಿಯಲ್ಲಿ ಒಂದು ಬಿಂದುವಿನ ಸುತ್ತ ಪುಟ್ಟ ಚೌಕ ಬರೆದರೆ, ನಡುವಿನ ವೋಲ್ಟೇಜು ನಾಲ್ಕು ಮೂಲೆಗಳ ವೋಲ್ಟೇಜಿನ ಸರಾಸರಿ. ಚೌಕ ನೆಟ್ಟಗಿರಲಿ, ಓರೆಯಾಗಿರಲಿ, ಸರಾಸರಿ ತಪ್ಪುವುದಿಲ್ಲ. ಅದು ಚೌಕವಾಗಿರಬೇಕು ಮತ್ತು ಸಾಕಷ್ಟು ಚಿಕ್ಕದಾಗಿರಬೇಕು, ಅಷ್ಟೆ.

ಕೋನರಕ್ಷಕ ಚಿತ್ರಣದ ಗುಟ್ಟೆಲ್ಲ ಈ ಚೌಕದಲ್ಲಿದೆ. ರಬ್ಬರ್ ಹಾಳೆಯ ಮೇಲೆ ಸಣ್ಣ ಚೌಕಗಳ ಜಾಲ ಬರೆದು ಹಾಳೆಯನ್ನು ಹೇಗೆಂದರೆ ಹಾಗೆ ಎಳೆದರೆ ಚೌಕಗಳು ಸೊಟ್ಟ ಆಯತಗಳಾಗುತ್ತವೆ. ಅದರ ಬದಲು ಪ್ರತಿ ಬಿಂದುವಿನಲ್ಲೂ ಎಲ್ಲ ದಿಕ್ಕಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವಂತೆ ಎಳೆಯಲು ಸಾಧ್ಯವಾದರೆ ಚಿಕ್ಕ ಚೌಕ ಚಿಕ್ಕ ಚೌಕವಾಗಿಯೇ ಉಳಿಯುತ್ತದೆ. ಅದು ಹಿರಿದಾಗಬಹುದು, ಕಿರಿದಾಗಬಹುದು, ತಿರುಗಬಹುದು, ಆದರೆ ಅದರ ಕೋನಗಳು ಕೆಡುವುದಿಲ್ಲ. ಕೋನ ಕೆಡದಿದ್ದರೆ ಸರಾಸರಿಯ ನಿಯಮವೂ ಕೆಡುವುದಿಲ್ಲ. ಒಂದು ಆಕಾರದಲ್ಲಿ ಸರಿಯಾದ ಉತ್ತರವಿದ್ದರೆ, ಹಾಗೆ ಎಳೆದ ಹೊಸ ಆಕಾರದಲ್ಲೂ ಅದು ಸರಿಯಾದ ಉತ್ತರವೇ. ಇಷ್ಟಾದ ಮೇಲೆ ಕೆಲಸ ಸುಲಭ. ಉತ್ತರ ಗೊತ್ತಿರುವ ಸರಳ ಆಕಾರ ಒಂದನ್ನು ಹಿಡಿದು, ಕಷ್ಟದ ಆಕಾರವನ್ನು ಅದಕ್ಕೆ ಹೊಂದುವಂತೆ ಎಳೆಯಬೇಕು.

ಸರಳ ಆಕಾರ ಎಂದರೆ ಚಪ್ಪಟೆ ಲೋಹದ ತಗಡು. ಅದರ ಮೇಲಿನ ಕ್ಷೇತ್ರ ಎಲ್ಲೆಡೆ ಒಂದೇ ಸಮ. ತಗಡಿನಿಂದ ಎತ್ತರ ಹೆಚ್ಚಿದಂತೆ ವೋಲ್ಟೇಜು ಅದೇ ದರದಲ್ಲಿ ಏರುತ್ತದೆ. ಕಷ್ಟದ ಆಕಾರ ಎಂದರೆ ಬೆಣೆಯಂತೆ ಎರಡು ಮೈಗಳು ಸೇರುವ ಲೋಹದ ಮೂಲೆ. ಅಂಚು ಉದ್ದವಾಗಿದ್ದು ಅದರ ಉದ್ದಕ್ಕೂ ಏನೂ ಬದಲಾಗುವುದಿಲ್ಲ ಎಂದುಕೊಂಡರೆ ಅಡ್ಡಕೊಯ್ತದ ಚಿತ್ರ ಒಂದೇ ಸಾಕು. ಲೆಕ್ಕ ಕಾಗದದ ಮೇಲಿನ ಎರಡು ಆಯಾಮಕ್ಕೆ ಇಳಿಯುತ್ತದೆ.

ಇಲ್ಲಿ ಒಂದು ಎಚ್ಚರ ಬೇಕು. ಸೂತ್ರದಲ್ಲಿ ಬರುವ ಕೋನ ಲೋಹದ ಕೋನ ಅಲ್ಲ, ಗಾಳಿಯ ಕೋನ. ಲೋಹದ ಕೋನ 90 ಡಿಗ್ರಿ ಇರುವ ಹೊರಮೂಲೆಯ ಸುತ್ತ ಗಾಳಿಗೆ ಸಿಗುವುದು 270 ಡಿಗ್ರಿ. ಗಾಡಿಯ ಒಳಮೂಲೆಯಲ್ಲಿ ಗಾಳಿಗೆ ಸಿಗುವುದು 90 ಡಿಗ್ರಿ. ಬ್ಲೇಡಿನಂಥ ತೆಳು ತಗಡಿನ ಅಂಚಿನ ಸುತ್ತ ಪೂರ್ತಿ 360 ಡಿಗ್ರಿ ಗಾಳಿಯೇ. ಪರೀಕ್ಷೆ ಬರೆಯುವವರು ಎಡವುವುದು ಹೆಚ್ಚಾಗಿ ಇಲ್ಲೇ. ಲೋಹದ ಕೋನವನ್ನು ಸೂತ್ರಕ್ಕೆ ಹಾಕಿದರೆ ಚೂಪು ಅಂಚಿನಲ್ಲಿ ಕ್ಷೇತ್ರ ಸೊನ್ನೆ ಎಂಬ ತಲೆಕೆಳಗಿನ ಉತ್ತರ ಬರುತ್ತದೆ.

ಈಗ ಎಳೆಯುವ ಬಗೆ. ಮೂಲೆಯ ತುದಿಯನ್ನು ಮೂಲಬಿಂದುವಾಗಿ ಇಟ್ಟುಕೊಂಡು, ಗಾಳಿಯ ಪ್ರತಿ ಬಿಂದುವನ್ನೂ ತುದಿಯಿಂದ ಅದರ ದೂರ r ಮತ್ತು ಒಂದು ಲೋಹದ ಮೈಯಿಂದ ಅಳೆದ ಕೋನ θ ಇವೆರಡರಿಂದ ಗುರುತಿಸಬಹುದು. 270 ಡಿಗ್ರಿಯ ಗಾಳಿಯನ್ನು 180 ಡಿಗ್ರಿಗೆ ತರಬೇಕಾದರೆ ಎಲ್ಲ ಕೋನಗಳನ್ನೂ ಮೂರನೇ ಎರಡಕ್ಕೆ ಇಳಿಸಬೇಕು, ಬಿಡಿಸಿದ ಬೀಸಣಿಗೆಯನ್ನು ತುಸು ಮುಚ್ಚಿದಂತೆ. ಬರೀ ಕೋನ ಇಳಿಸಿದರೆ ಚೌಕಗಳು ಅಡ್ಡಲಾಗಿ ಮಾತ್ರ ಕುಗ್ಗಿ ಆಯತಗಳಾಗುತ್ತವೆ. ಅದನ್ನು ಸರಿದೂಗಿಸಲು ದೂರವನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು: r ಇದ್ದಲ್ಲಿ r^(2/3) ಆಗಬೇಕು. ಸಂಮಿಶ್ರ ಸಂಖ್ಯೆಗಳ ಭಾಷೆಯಲ್ಲಿ ಈ ಎರಡೂ ಕೆಲಸ ಒಂದೇ ಏಟಿಗೆ ಆಗುತ್ತವೆ. ಕಾಗದದ ಮೇಲಿನ ಬಿಂದುವನ್ನು z = x + iy ಎಂದು ಬರೆದರೆ, ಬೇಕಾದ ಚಿತ್ರಣ w = z^(2/3). ಸಂಮಿಶ್ರ ಸಂಖ್ಯೆಯನ್ನು ಒಂದು ಘಾತಕ್ಕೆ ಏರಿಸಿದಾಗ ಅದರ ದೂರ ಆ ಘಾತಕ್ಕೆ ಏರುತ್ತದೆ, ಅದರ ಕೋನ ಆ ಘಾತಸೂಚಿಯಿಂದ ಗುಣಿತವಾಗುತ್ತದೆ. ಗಾಳಿಯ ಕೋನ β ಏನೇ ಇರಲಿ, ಇದೇ ದಾರಿ:

w = z^(π/β)

ಸಂಮಿಶ್ರ ಚಲದ ಉತ್ಪನ್ನಗಳು ಹೀಗೆ ಕೋನ ಕಾಯುತ್ತವೆ ಎಂಬ ವಿಚಾರಕ್ಕೆ ಗಟ್ಟಿ ತಳಪಾಯ ಹಾಕಿದ್ದು ಬರ್ನ್‌ಹಾರ್ಡ್ ರೀಮನ್, ಗಾಟಿಂಗೆನ್‌ನಲ್ಲಿ 1851ರಲ್ಲಿ ಬರೆದ ಡಾಕ್ಟರೇಟ್ ಪ್ರಬಂಧದಲ್ಲಿ. ವಿದ್ಯುತ್ತಿನ ಲೆಕ್ಕಕ್ಕೆ ಅದನ್ನು ವ್ಯವಸ್ಥಿತವಾಗಿ ತಂದ ಪುಸ್ತಕಗಳಲ್ಲಿ 1873ರ ಮ್ಯಾಕ್ಸ್‌ವೆಲ್ ಗ್ರಂಥವೇ ಮುಖ್ಯವಾದದ್ದು. ಅದರಲ್ಲಿ ಎರಡು ಆಯಾಮದ ಲೆಕ್ಕಗಳಿಗೆಂದೇ ಒಂದು ಅಧ್ಯಾಯವಿದೆ.

ಸೂತ್ರಕ್ಕೆ ಹೋಗುವ ಮೊದಲು ಚಿತ್ರಣ ಏನು ಮಾಡುತ್ತದೆ ಎಂದು ಕಣ್ಣಳತೆಯಲ್ಲಿ ನೋಡುವುದು ಒಳ್ಳೆಯದು. ಲೋಹದ ವೋಲ್ಟೇಜನ್ನು ಸೊನ್ನೆ ಎಂದುಕೊಳ್ಳೋಣ. ಲೆಕ್ಕಕ್ಕೆ ಬೇಕಿರುವುದು ವ್ಯತ್ಯಾಸ ಮಾತ್ರವಾದ್ದರಿಂದ ತೊಂದರೆಯಿಲ್ಲ. ಮೂಲೆಯನ್ನು ಸರಿಯಾಗಿ ಎರಡು ಭಾಗ ಮಾಡುವ ಗೆರೆಯ ಮೇಲೆ ತುದಿಯಿಂದ 1 ಸೆಂಟಿಮೀಟರ್ ದೂರದಲ್ಲಿ ವೋಲ್ಟೇಜು 100 ಇದೆ ಎಂದಿಟ್ಟುಕೊಂಡು, ಅದೇ ಗೆರೆಯ ಮೇಲೆ 10 ವೋಲ್ಟ್ ಎಲ್ಲಿ ಸಿಗುತ್ತದೆ ಎಂದು ಕೇಳೋಣ. ಚಪ್ಪಟೆ ತಗಡಾದರೆ ಉತ್ತರ 1 ಮಿಲಿಮೀಟರ್, ಇದರಲ್ಲಿ ವಿಶೇಷವೇನೂ ಇಲ್ಲ. 90 ಡಿಗ್ರಿಯ ಹೊರಮೂಲೆಯಾದರೆ ಚಪ್ಪಟೆ ಲೋಕದ ಹತ್ತನೇ ಒಂದನ್ನು z ಲೋಕಕ್ಕೆ ವಾಪಸು ತರಬೇಕು, ಅಂದರೆ 0.1ರ ಒಂದೂವರೆ ಘಾತ. ಅದು 0.0316 ಸೆಂಟಿಮೀಟರ್, ಸುಮಾರು 0.32 ಮಿಲಿಮೀಟರ್. ತೆಳು ತಗಡಿನ ಅಂಚಾದರೆ 0.1ರ ವರ್ಗ, ಅಂದರೆ 0.1 ಮಿಲಿಮೀಟರ್. ಒಳಮೂಲೆಯಾದರೆ 0.1ರ ವರ್ಗಮೂಲ, ಅಂದರೆ 3.2 ಮಿಲಿಮೀಟರ್. ಸಮವಿಭವ ರೇಖೆಗಳು ಹೊರಮೂಲೆಯನ್ನು ಬಿಗಿಯಾಗಿ ಅಪ್ಪಿಕೊಂಡು ಹೋಗುತ್ತವೆ, ಒಳಮೂಲೆಗೆ ಇಳಿಯದೆ ದೂರದಿಂದಲೇ ತಿರುಗಿ ಹೋಗುತ್ತವೆ. ರೇಖೆಗಳು ಒತ್ತಾಗಿದ್ದಲ್ಲಿ ಕ್ಷೇತ್ರ ತೀವ್ರ, ವಿರಳವಾಗಿದ್ದಲ್ಲಿ ದುರ್ಬಲ.

ಇದನ್ನೇ ಸೂತ್ರವಾಗಿ ಬರೆಯಬಹುದು. w ಲೋಕದಲ್ಲಿ ವೋಲ್ಟೇಜು ಎತ್ತರಕ್ಕೆ ಅನುಪಾತದಲ್ಲಿರುತ್ತದೆ. ಆ ಎತ್ತರ ಎಂದರೆ z^(π/β)ದ ಕಾಲ್ಪನಿಕ ಭಾಗ. ಆದ್ದರಿಂದ ಮೂಲೆಯ ಬಳಿ

V = A r^(π/β) sin(πθ/β)

θ ಸೊನ್ನೆಯಾದಾಗಲೂ β ಆದಾಗಲೂ ಸೈನ್ ಸೊನ್ನೆಯಾಗುವುದರಿಂದ ಎರಡೂ ಮೈಗಳ ಮೇಲೆ ವೋಲ್ಟೇಜು ಸೊನ್ನೆ ಬಂದೇ ಬರುತ್ತದೆ. ಕ್ಷೇತ್ರ ಎಂದರೆ ವೋಲ್ಟೇಜು ಬದಲಾಗುವ ದರ. ಸಂಮಿಶ್ರ ಉತ್ಪನ್ನದ ಅವಕಲನದ ಗಾತ್ರವೇ ಅದು:

E = (π/β) A r^(π/β − 1)

ಈ ಸೂತ್ರದಲ್ಲಿ θ ಇಲ್ಲವೇ ಇಲ್ಲ. ತುದಿಯಿಂದ ಒಂದೇ ದೂರದಲ್ಲಿ ಯಾವ ದಿಕ್ಕಿನಲ್ಲಿ ನಿಂತರೂ ಕ್ಷೇತ್ರದ ಗಾತ್ರ ಒಂದೇ, ಅದು ಲೋಹದ ಮೈಮೇಲಿರಲಿ, ನಡುಗಾಳಿಯಲ್ಲಿರಲಿ. ದಿಕ್ಕು ಮಾತ್ರ ಬದಲಾಗುತ್ತದೆ. ಚಿತ್ರ ಬರೆಯದೆ ಇದನ್ನು ಊಹಿಸುವುದು ಸುಲಭವಲ್ಲ.

ಹೇಳಬೇಕಾದದ್ದೆಲ್ಲ r ಮೇಲಿನ ಘಾತಸೂಚಿಯಲ್ಲಿದೆ. β 180 ಡಿಗ್ರಿಯಾದರೆ ಘಾತಸೂಚಿ ಸೊನ್ನೆ, ಕ್ಷೇತ್ರ ಎಲ್ಲೆಡೆ ಸಮ. 270 ಆದರೆ ಘಾತಸೂಚಿ −1/3. ತುದಿಗೆ ಹತ್ತು ಪಟ್ಟು ಹತ್ತಿರವಾದರೆ ಕ್ಷೇತ್ರ 2.15 ಪಟ್ಟು ಹೆಚ್ಚುತ್ತದೆ. 360 ಆದರೆ −1/2, ಹತ್ತು ಪಟ್ಟು ಹತ್ತಿರವಾದರೆ 3.16 ಪಟ್ಟು. ಲೋಹವನ್ನು ಎಷ್ಟೇ ತೆಳ್ಳಗೆ ಅರೆದರೂ ಗಾಳಿಯ ಕೋನ 360 ದಾಟುವುದಿಲ್ಲವಾದ್ದರಿಂದ, ಉದ್ದನೆಯ ನೇರ ಅಂಚಿಗೆ ಇದಕ್ಕಿಂತ ಕೆಟ್ಟದ್ದು ಸಾಧ್ಯವಿಲ್ಲ. ಇನ್ನೊಂದು ದಿಕ್ಕಿನಲ್ಲಿ ಇಂಥ ಮಿತಿಯಿಲ್ಲ. 90 ಡಿಗ್ರಿಯ ಒಳಮೂಲೆಯಲ್ಲಿ ಕ್ಷೇತ್ರ ದೂರದೊಂದಿಗೆ ನೇರ ಅನುಪಾತದಲ್ಲಿ ಇಳಿದು ತುದಿಯಲ್ಲಿ ಸೊನ್ನೆಯಾಗುತ್ತದೆ. 30 ಡಿಗ್ರಿಯ ಇಕ್ಕಟ್ಟಾದ ಸೀಳಿನಲ್ಲಿ ಘಾತಸೂಚಿ 5. ಸೀಳಿನೊಳಗೆ ಹತ್ತು ಪಟ್ಟು ಆಳಕ್ಕೆ ಹೋದರೆ ಕ್ಷೇತ್ರ ಲಕ್ಷದಲ್ಲಿ ಒಂದು ಪಾಲಾಗುತ್ತದೆ. ಸೀಳಿನ ಬುಡಕ್ಕೆ ವಿದ್ಯುತ್ತು ತಲುಪುವುದೇ ಇಲ್ಲ ಎಂದರೂ ತಪ್ಪಾಗದು.

ಸೂತ್ರದಲ್ಲಿ A ಎಂಬ ಅಕ್ಷರವೊಂದು ಉತ್ತರವಿಲ್ಲದೆ ಉಳಿದಿದೆ. ಅದನ್ನು ಮೂಲೆ ಹೇಳಲಾರದು. ಲೋಹಕ್ಕೆ ಎಷ್ಟು ವೋಲ್ಟೇಜು ಕೊಟ್ಟಿದೆ, ಎದುರಿನ ನೆಲ ಎಷ್ಟು ದೂರವಿದೆ, ಪಕ್ಕದಲ್ಲಿ ಇನ್ನೇನಿದೆ ಎಂಬ ದೂರದ ಸಂಗತಿಗಳೆಲ್ಲ ಸೇರಿ A ನಿರ್ಧಾರವಾಗುತ್ತದೆ. ಹತ್ತಿರದಲ್ಲಿ ಕ್ಷೇತ್ರ ಏರುವ ಬಗೆಯನ್ನು ಮಾತ್ರ ಮೂಲೆಯ ಕೋನ ನಿರ್ಧರಿಸುತ್ತದೆ. ಪೂರ್ಣ ಉತ್ತರದಲ್ಲಿ r^(4/3), r^2 ಇತ್ಯಾದಿ ಇನ್ನಷ್ಟು ಪದಗಳು ಇರುತ್ತವೆ. ತುದಿಗೆ ಹತ್ತಿರವಾದಂತೆ ಅವು ಮೊದಲ ಪದಕ್ಕಿಂತ ಬೇಗ ಕುಗ್ಗುವುದರಿಂದ ಅಲ್ಲಿ ಮೊದಲ ಪದದ್ದೇ ಆಡಳಿತ. r^(−2/3) ಯಂಥ ಋಣ ಘಾತಗಳೂ ಲಾಪ್ಲಾಸ್ ಸಮೀಕರಣವನ್ನೂ ಅಂಚಿನ ನಿಬಂಧನೆಯನ್ನೂ ಪಾಲಿಸುತ್ತವೆ. ಆದರೆ ಅವು ತುದಿಯ ಸುತ್ತ ಅನಂತ ಶಕ್ತಿ ತುಂಬಬೇಕೆಂದು ಕೇಳುತ್ತವೆ. ಅಷ್ಟು ಶಕ್ತಿ ಕೊಡುವ ಮೂಲ ಅಲ್ಲಿ ಇಲ್ಲದ ಕಾರಣ ಅವನ್ನು ಬಿಟ್ಟುಬಿಡಬೇಕು.

ತುದಿಯಲ್ಲಿ r ಸೊನ್ನೆಯಾದಾಗ ಕ್ಷೇತ್ರ ಅನಂತ ಎನ್ನುತ್ತದೆ ಸೂತ್ರ. ಓದುಗರಿಗೆ ಅನುಮಾನ ಹುಟ್ಟುವುದು ಇಲ್ಲೇ, ಆ ಅನುಮಾನ ನ್ಯಾಯವಾದದ್ದೇ. ಮೊದಲು ಗಮನಿಸಬೇಕಾದದ್ದು, ಕ್ಷೇತ್ರ ಅನಂತವಾದರೂ ಆವೇಶ ಅನಂತವಲ್ಲ. ಲೋಹದ ಮೈಮೇಲಿನ ಆವೇಶದ ಸಾಂದ್ರತೆ ಅಲ್ಲಿನ ಕ್ಷೇತ್ರಕ್ಕೆ ಅನುಪಾತದಲ್ಲಿರುತ್ತದೆ. ಹಾಗಾಗಿ ಅಂಚಿನಿಂದ r ದೂರದವರೆಗಿನ ಪಟ್ಟಿಯಲ್ಲಿರುವ ಒಟ್ಟು ಆವೇಶ r^(π/β) ಯಂತೆ ಹೆಚ್ಚುತ್ತದೆ, r ಸೊನ್ನೆಯಾದರೆ ಅದೂ ಸೊನ್ನೆ. 10 ಸೆಂಟಿಮೀಟರ್ ಅಗಲದ ಮೈಯನ್ನು ಉದಾಹರಣೆಯಾಗಿ ಹಿಡಿದರೆ, ಅಂಚಿಗೆ ತಾಗಿದ ಕೊನೆಯ 1 ಮಿಲಿಮೀಟರ್ ಪಟ್ಟಿ ಅಗಲದಲ್ಲಿ ನೂರಕ್ಕೆ ಒಂದು ಪಾಲು. ಹೊರಮೂಲೆಯ ಸೂತ್ರದ ಪ್ರಕಾರ ಅದರ ಪಾಲಿನ ಆವೇಶ ನೂರಕ್ಕೆ 4.6, ತೆಳು ತಗಡಿನಲ್ಲಿ ನೂರಕ್ಕೆ 10. ಅಂಚಿನಲ್ಲಿ ಆವೇಶ ಕಿಕ್ಕಿರಿದಿದೆ ನಿಜ, ಆದರೂ ಬಹುಪಾಲು ಆವೇಶ ಇರುವುದು ಚಪ್ಪಟೆ ಮೈಮೇಲೆಯೇ.

ಇನ್ನು ಗಾಳಿ ಯಾವಾಗ ಸೋಲುತ್ತದೆ ಎಂಬ ಪ್ರಶ್ನೆ. ಸಾಮಾನ್ಯ ಒತ್ತಡದ ಗಾಳಿ ಕೆಲವು ಮಿಲಿಮೀಟರಿನಿಂದ ಸೆಂಟಿಮೀಟರ್ ಅಂತರದಲ್ಲಿ ತಡೆಯುವುದು ಸೆಂಟಿಮೀಟರಿಗೆ ಸುಮಾರು 30 ಕಿಲೋವೋಲ್ಟ್. ಅಂಚಿನಿಂದ 10 ಸೆಂಟಿಮೀಟರ್ ದೂರದಲ್ಲಿ ಕ್ಷೇತ್ರ ಸೆಂಟಿಮೀಟರಿಗೆ 1 ಕಿಲೋವೋಲ್ಟ್ ಇದೆ ಎಂದುಕೊಳ್ಳೋಣ. ಅದು ಗಾಳಿಗೆ ಲೆಕ್ಕಕ್ಕೇ ಇಲ್ಲದ ಕ್ಷೇತ್ರ. 90 ಡಿಗ್ರಿಯ ಹೊರಮೂಲೆಯಲ್ಲಿ 1 ಸೆಂಟಿಮೀಟರಿಗೆ ಬಂದಾಗ ಅದು 2.15 ಆಗುತ್ತದೆ, 1 ಮಿಲಿಮೀಟರಿನಲ್ಲಿ 4.6, 0.1 ಮಿಲಿಮೀಟರಿನಲ್ಲಿ 10. ಮೂವತ್ತು ಮುಟ್ಟಬೇಕಾದರೆ ದೂರ 27,000 ಪಟ್ಟು ಕುಗ್ಗಬೇಕು, ಅಂದರೆ 3.7 ಮೈಕ್ರಾನ್. ತೆಳು ತಗಡಿನ ಅಂಚಿನಲ್ಲಾದರೆ 900 ಪಟ್ಟು ಕುಗ್ಗಿದರೆ ಸಾಕು, ಅಂದರೆ 0.11 ಮಿಲಿಮೀಟರ್.

ಹಾಗಾದರೆ ಎರಡೂ ಅಂಚುಗಳಲ್ಲಿ ಗಾಳಿ ಸೋತಿತೇ? ಕ್ಷೇತ್ರ ಮೂವತ್ತು ದಾಟಿದ ಮಾತ್ರಕ್ಕೆ ಸೋಲುವುದಿಲ್ಲ. ಒಂದು ಎಲೆಕ್ಟ್ರಾನ್ ಓಡುತ್ತಾ ಅಣುಗಳಿಗೆ ಬಡಿದು ಇನ್ನಷ್ಟು ಎಲೆಕ್ಟ್ರಾನುಗಳನ್ನು ಕಿತ್ತು ಹಿಂಡು ಕಟ್ಟಬೇಕು. ಅದಕ್ಕೆ ಓಡುವ ಜಾಗವೂ ಬೇಕು, ವೋಲ್ಟೇಜೂ ಬೇಕು. ತುದಿಯಿಂದ r ದೂರದವರೆಗೆ ಸಿಗುವ ವೋಲ್ಟೇಜನ್ನು ಮೇಲಿನ ಎರಡು ಸೂತ್ರಗಳಿಂದಲೇ ತೆಗೆಯಬಹುದು: ಮಧ್ಯದ ಗೆರೆಯ ಮೇಲೆ ಅದು ಹೊರಮೂಲೆಗೆ E r ಗುಣಿಸು ಒಂದೂವರೆ, ತೆಳು ತಗಡಿಗೆ E r ಗುಣಿಸು ಎರಡು. 3.7 ಮೈಕ್ರಾನ್ ಹೊರಮೂಲೆಗೆ ಇದು ಬರೀ 17 ವೋಲ್ಟ್. ಆಮ್ಲಜನಕದ ಅಣುವಿನಿಂದ ಒಂದು ಎಲೆಕ್ಟ್ರಾನ್ ಕೀಳಲೇ 12 ವೋಲ್ಟಿನಷ್ಟು ಶಕ್ತಿ ಬೇಕಾಗಿರುವಾಗ 17ರಲ್ಲಿ ಹಿಂಡು ಕಟ್ಟುವ ಮಾತೆಲ್ಲಿ? ತೆಳು ತಗಡಿನ 0.11 ಮಿಲಿಮೀಟರಿನಲ್ಲಿ ಸಿಗುವುದು ಸುಮಾರು 670 ವೋಲ್ಟ್. ಎರಡು ಚಪ್ಪಟೆ ತಗಡುಗಳ ನಡುವಿನ ಗಾಳಿಯಲ್ಲಿ ಕಿಡಿ ಹಾರಲು ಕನಿಷ್ಠ ಬೇಕಾಗುವುದು ಸುಮಾರು 330 ವೋಲ್ಟ್. ಅದನ್ನು ಅಳತೆಗೋಲಾಗಿ ಇಟ್ಟುಕೊಂಡರೆ ತಗಡಿನ ಅಂಚು ಅಪಾಯದ ಗೆರೆಯ ಹತ್ತಿರವಿದೆ, ಹೊರಮೂಲೆ ಬಹಳ ದೂರವಿದೆ. ಒಂದೇ ವೋಲ್ಟೇಜಿನಲ್ಲಿ ಕತ್ತರಿಸಿದ ತಗಡಿನ ಅಂಚು ಸದ್ದು ಮಾಡುವಾಗ ಗಟ್ಟಿ ಪಟ್ಟಿಯ ಅಂಚು ಸುಮ್ಮನಿರುವುದಕ್ಕೆ ಕಾರಣ ಹುಡುಕುವವರು ಈ ಎರಡು ಸಂಖ್ಯೆಗಳನ್ನು ನೋಡಿದರೆ ಸಾಕು.

ನಿಜವಾದ ಲೋಹದಲ್ಲಿ ಗಣಿತದ ಚೂಪು ತುದಿ ಇರುವುದೂ ಇಲ್ಲ. ಎಮರಿ ಪೇಪರಿನಿಂದ ಎರಡು ಸಲ ಉಜ್ಜಿದರೂ ಅಂಚಿಗೆ ಒಂದಿಷ್ಟು ದುಂಡು ಬಂದಿರುತ್ತದೆ. ದುಂಡಾದ ಅಂಚಿನ ಕ್ಷೇತ್ರ ತೆಗೆಯಲು ಹೊಸ ಚಿತ್ರಣ ಹುಡುಕಬೇಕಾಗಿಲ್ಲ. ಇಲ್ಲೊಂದು ಸೊಗಸಾದ ಉಪಾಯವಿದೆ. ಚೂಪು ಮೂಲೆಯ ಸುತ್ತ ಹಾದುಹೋಗುವ ಸಮವಿಭವ ರೇಖೆಗಳೆಲ್ಲ ಮೂಲೆಯಲ್ಲಿ ದುಂಡಗೆ ತಿರುಗುತ್ತವೆ. ಅಂಥ ಒಂದು ರೇಖೆಯವರೆಗೆ ಲೋಹವನ್ನು ತುಂಬಿಸಿಬಿಟ್ಟರೆ ಹೊರಗಿನ ಕ್ಷೇತ್ರಕ್ಕೆ ಅದು ತಿಳಿಯುವುದೇ ಇಲ್ಲ, ಏಕೆಂದರೆ ಆ ರೇಖೆಯ ಮೇಲೆ ವೋಲ್ಟೇಜು ಮೊದಲೇ ಒಂದೇ ಆಗಿತ್ತು. ಒಳಗಿದ್ದ ಚೂಪು ತುದಿ ಲೋಹದೊಳಗೆ ಹೂತುಹೋಗುತ್ತದೆ, ಅದರ ಅನಂತವೂ ಅದರ ಜೊತೆಗೇ ಹೋಗುತ್ತದೆ. ಹೊಸ ಲೋಹದ ಮೈ ಹೂತ ತುದಿಯಿಂದ ಎಷ್ಟು ದೂರವಿದೆಯೋ ಆ ದೂರದ ಕ್ಷೇತ್ರವೇ ಹೊಸ ಅಂಚಿನ ಗರಿಷ್ಠ ಕ್ಷೇತ್ರ.

ಆ ದೂರಕ್ಕೂ ದುಂಡಿನ ತ್ರಿಜ್ಯಕ್ಕೂ ಇರುವ ಸಂಬಂಧವನ್ನು ಚಿತ್ರಣದಿಂದ ನೇರವಾಗಿ ಲೆಕ್ಕ ಹಾಕಬಹುದು. 90 ಡಿಗ್ರಿಯ ಮೂಲೆಗೆ ಹೂತ ತುದಿ ದುಂಡಿನ ತ್ರಿಜ್ಯದ ಮೂರನೇ ಒಂದು ಪಾಲಿನಷ್ಟು ಒಳಗಿರುತ್ತದೆ, ತೆಳು ತಗಡಿಗೆ ಅರ್ಧದಷ್ಟು. ತಗಡಿನ ವಿಷಯದಲ್ಲಿ ಸಮವಿಭವ ರೇಖೆಗಳು ಅಚ್ಚುಕಟ್ಟಾದ ಪರವಲಯಗಳು, ಹೂತ ಅಂಚು ಅವುಗಳ ನಾಭಿ. ಪರವಲಯದ ನೆತ್ತಿಯ ವಕ್ರತಾ ತ್ರಿಜ್ಯ ನಾಭಿದೂರದ ಎರಡರಷ್ಟು ಎಂಬ ಹಳೆಯ ರೇಖಾಗಣಿತದ ಮಾತೇ ಇದು. ಈಗ ಹಿಂದಿನ ಉದಾಹರಣೆಗೆ ಮರಳಿ, ಅಂಚಿಗೆ 1 ಮಿಲಿಮೀಟರ್ ತ್ರಿಜ್ಯದ ದುಂಡು ಕೊಟ್ಟರೆ 90 ಡಿಗ್ರಿಯ ಮೂಲೆಯಲ್ಲಿ 300ರ ಘನಮೂಲ, ಅಂದರೆ ಸೆಂಟಿಮೀಟರಿಗೆ 6.7 ಕಿಲೋವೋಲ್ಟ್. ತಗಡಿನ ಅಂಚಿನಲ್ಲಿ 200ರ ವರ್ಗಮೂಲ, ಅಂದರೆ 14. ದುಂಡಿನ ತ್ರಿಜ್ಯ 0.1 ಮಿಲಿಮೀಟರಿಗೆ ಇಳಿದರೆ ಮೊದಲನೆಯದು 14, ಎರಡನೆಯದು 45. ಮೂಲೆಯ ಅಂಚಿನಲ್ಲಿ ದುಂಡಿನ ವಿಷಯಕ್ಕೆ ತುಸು ಉದಾಸೀನ ಮಾಡಿದರೂ ನಡೆದೀತು. ತಗಡಿನ ಅಂಚಿನಲ್ಲಿ ಅದೇ ಉದಾಸೀನ ದುಬಾರಿ. ಅಂಚನ್ನು ಅರದಿಂದ ದುಂಡು ಮಾಡುವಾಗ ಅಲ್ಲೇ ಒಂದು ಲೋಹದ ಮುಳ್ಳು ಎದ್ದು ನಿಂತರೆ ಮಾಡಿದ ಕೆಲಸವೂ ವ್ಯರ್ಥ. ಸಣ್ಣ ಅರ್ಧಗೋಳದ ಗುಬ್ಬಿಯೇ ತಾನಿದ್ದ ಜಾಗದ ಕ್ಷೇತ್ರವನ್ನು ಮೂರು ಪಟ್ಟು ಮಾಡುತ್ತದೆ, ಮುಳ್ಳು ಅದಕ್ಕಿಂತ ಹೆಚ್ಚು. ಕಾರ್ಖಾನೆಯಲ್ಲಿ ವೃತ್ತದ ಕಮಾನಿನಂತೆ ಮಾಡಿದ ದುಂಡು ಸಮವಿಭವ ರೇಖೆಯ ದುಂಡಿಗೆ ಪೂರ್ತಿ ಸಮನಲ್ಲವಾದ್ದರಿಂದ ಮೇಲಿನ ಸಂಖ್ಯೆಗಳು ಅಂದಾಜು. ಆದರೆ ಕೆಲಸಕ್ಕೆ ಬರುವ ಅಂದಾಜು.

ಸಮವಿಭವ ರೇಖೆಯವರೆಗೆ ಲೋಹ ತುಂಬುವ ಇದೇ ಉಪಾಯವನ್ನು ಇನ್ನೂ ಒಂದು ಹೆಜ್ಜೆ ಮುಂದೆ ಒಯ್ದವರು ಜರ್ಮನಿಯ ವಾಲ್ಟರ್ ರೊಗೊವ್ಸ್ಕಿ, 1923ರಲ್ಲಿ. ಪ್ರಯೋಗಾಲಯದಲ್ಲಿ ಗಾಳಿ ಎಷ್ಟು ವೋಲ್ಟೇಜು ತಡೆಯುತ್ತದೆ ಎಂದು ಅಳೆಯಲು ಎರಡು ಸಮಾನಾಂತರ ತಗಡುಗಳನ್ನು ಎದುರುಬದುರು ಇಟ್ಟರೆ ಕಿಡಿ ನಡುವೆ ಹಾರದೆ ಅಂಚಿನಲ್ಲೇ ಹಾರುತ್ತದೆ. ಕಾರಣ ಆ −1/2 ಘಾತಸೂಚಿಯೇ. ಇಂಥ ಜೋಡಿ ತಗಡುಗಳ ಅಂಚಿಗೆ ಹೊಂದುವ ಚಿತ್ರಣ ಮ್ಯಾಕ್ಸ್‌ವೆಲ್ ಪುಸ್ತಕದಲ್ಲೇ ಇದೆ:

z = (d/2π)(1 + w + e^w)

ಇಲ್ಲಿ d ತಗಡುಗಳ ನಡುವಿನ ಅಂತರ. wದ ಕಾಲ್ಪನಿಕ ಭಾಗ ವೋಲ್ಟೇಜಿನ ಅಳತೆ: ನಡುಗೆರೆಯಲ್ಲಿ ಸೊನ್ನೆ, ಎರಡು ತಗಡುಗಳ ಮೇಲೆ +π ಮತ್ತು −π. ಕ್ಷೇತ್ರ 1/|1 + e^w| ಗೆ ಅನುಪಾತದಲ್ಲಿದೆ. ತಗಡುಗಳ ನಡುವೆ ಆಳದಲ್ಲಿ e^w ನಗಣ್ಯವಾಗಿ ಕ್ಷೇತ್ರ ಸಮವಾಗಿ 1 ಆಗುತ್ತದೆ. ತಗಡಿನ ಮೇಲೆ ಕಾಲ್ಪನಿಕ ಭಾಗ π ಆದಾಗ e^w ಋಣವಾಗುತ್ತದೆ. ಅಂಚಿನ ಬಿಂದುವಿನಲ್ಲಿ ಅದು ಸರಿಯಾಗಿ −1 ಆಗಿ ಛೇದ ಸೊನ್ನೆಯಾಗುತ್ತದೆ. ಅನಂತ ಕ್ಷೇತ್ರ ಹುಟ್ಟುವುದು ಅಲ್ಲಿ. ರೊಗೊವ್ಸ್ಕಿ ಆರಿಸಿದ್ದು ಕಾಲ್ಪನಿಕ ಭಾಗ π/2 ಆಗಿರುವ ಸಮವಿಭವ ರೇಖೆಯನ್ನು. ಅದರ ಮೇಲೆ e^w ಪೂರ್ತಿ ಕಾಲ್ಪನಿಕ. ಒಂದಕ್ಕೆ ಕಾಲ್ಪನಿಕ ಸಂಖ್ಯೆ ಕೂಡಿಸಿದರೆ ಗಾತ್ರ ಯಾವತ್ತೂ ಒಂದಕ್ಕಿಂತ ಕಡಿಮೆಯಾಗದು, ಆದ್ದರಿಂದ ಕ್ಷೇತ್ರ ಯಾವತ್ತೂ ಒಂದಕ್ಕಿಂತ ಹೆಚ್ಚಾಗದು. ಆ ಆಕಾರಕ್ಕೆ ಕಡೆದ ಲೋಹದಲ್ಲಿ ಅಂಚಿನತ್ತ ಹೋದಂತೆ ಕ್ಷೇತ್ರ ಇಳಿಯುತ್ತಲೇ ಹೋಗುತ್ತದೆ, ಕಿಡಿ ನಡುವಿನ ಸಮ ಕ್ಷೇತ್ರದಲ್ಲೇ ಹಾರಬೇಕಾಗುತ್ತದೆ. ಹೈವೋಲ್ಟೇಜ್ ಪ್ರಯೋಗಾಲಯಗಳಲ್ಲಿ ಇಂಥ ಎಲೆಕ್ಟ್ರೋಡುಗಳಿಗೆ ಇಂದಿಗೂ ರೊಗೊವ್ಸ್ಕಿ ಪ್ರೊಫೈಲ್ ಎಂದೇ ಹೆಸರು. ಅಂಚಿನ ತೊಂದರೆಯನ್ನು ವಿವರಿಸಿದ ಗಣಿತವೇ ಅದರ ಔಷಧವನ್ನೂ ಕೊಟ್ಟ ಇಷ್ಟು ಚೊಕ್ಕ ಉದಾಹರಣೆ ಎಂಜಿನಿಯರಿಂಗಿನಲ್ಲಿ ಹೆಚ್ಚು ಸಿಗುವುದಿಲ್ಲ.

ಈಗ ಇಂಥ ಲೆಕ್ಕಗಳು ಹೆಚ್ಚಾಗಿ ಕಂಪ್ಯೂಟರಿನಲ್ಲಿ ನಡೆಯುತ್ತವೆ. ಜಾಗವನ್ನು ಸಣ್ಣ ತ್ರಿಕೋನಗಳ ಬಲೆಯಾಗಿ ಒಡೆದು ಪ್ರತಿ ತುಣುಕಿನಲ್ಲೂ ವೋಲ್ಟೇಜು ತೆಗೆಯುತ್ತಾರೆ. ಚೂಪು ಮೂಲೆ ಇರುವ ಚಿತ್ರವನ್ನು ಹಾಗೇ ಕೊಟ್ಟರೆ ಕಂಪ್ಯೂಟರು ಮೂಲೆಯಲ್ಲಿ ಒಂದು ಗರಿಷ್ಠ ಕ್ಷೇತ್ರವನ್ನು ಹೇಳುತ್ತದೆ, ಅನುಭವವಿಲ್ಲದವರು ಅದನ್ನು ವರದಿಯಲ್ಲಿ ಬರೆದೂಬಿಡುತ್ತಾರೆ. ಆ ಸಂಖ್ಯೆಗೆ ಅರ್ಥವಿಲ್ಲ. ಬಲೆಯ ತುಣುಕುಗಳನ್ನು ಅರ್ಧಕ್ಕೆ ಇಳಿಸಿ ಮತ್ತೆ ಲೆಕ್ಕ ಹಾಕಿದರೆ 90 ಡಿಗ್ರಿಯ ಹೊರಮೂಲೆಯಲ್ಲಿ ಅದು ಸುಮಾರು ನೂರಕ್ಕೆ 26 ಏರುತ್ತದೆ, ಇನ್ನೊಮ್ಮೆ ಅರ್ಧ ಮಾಡಿದರೆ ಮತ್ತೆ 26. ತೆಳು ತಗಡಾದರೆ ಪ್ರತಿ ಸಲ 41. ಎಷ್ಟು ಸಲ ಮಾಡಿದರೂ ಅದು ನಿಲ್ಲುವುದಿಲ್ಲ. 26 ಎಂದರೆ ಎರಡರ ಘನಮೂಲದ ಹೆಚ್ಚಳ, 41 ಎಂದರೆ ಎರಡರ ವರ್ಗಮೂಲದ ಹೆಚ್ಚಳ. ಗರಿಷ್ಠ ಕ್ಷೇತ್ರ ಹೀಗೆ ಮೆಟ್ಟಿಲು ಹತ್ತುತ್ತಿದ್ದರೆ ಚಿತ್ರದಲ್ಲಿ ಎಲ್ಲೋ ದುಂಡು ಬಿಟ್ಟುಹೋಗಿದೆ ಎಂದೇ ಅರ್ಥ. ಲೋಹದಲ್ಲಿ ನಿಜವಾಗಿ ಇರುವ ತ್ರಿಜ್ಯವನ್ನು ಚಿತ್ರಕ್ಕೆ ಕೊಟ್ಟು, ಆ ತ್ರಿಜ್ಯಕ್ಕಿಂತ ಸಾಕಷ್ಟು ಸಣ್ಣ ತುಣುಕುಗಳನ್ನು ಅಲ್ಲಿ ಹಾಕಿದ ಮೇಲಷ್ಟೇ ಉತ್ತರ ಒಂದು ಕಡೆ ನಿಲ್ಲುತ್ತದೆ.

ಕೋನರಕ್ಷಕ ಚಿತ್ರಣ ಎರಡು ಆಯಾಮಕ್ಕೆ ಸೀಮಿತ. ಮೂರು ಆಯಾಮದಲ್ಲಿ ಕೋನ ಕೆಡಿಸದೆ ಎಳೆಯುವ ಬಗೆಗಳು ಬೆರಳೆಣಿಕೆಯಷ್ಟೇ ಎಂದು ಫ್ರಾನ್ಸಿನ ಜೋಸೆಫ್ ಲಿಯೂವಿಲ್ 1850ರಲ್ಲೇ ತೋರಿಸಿದ್ದರು: ಸರಿಸುವುದು, ತಿರುಗಿಸುವುದು, ಕನ್ನಡಿಯಂತೆ ಮಗುಚುವುದು, ಎಲ್ಲೆಡೆ ಸಮನಾಗಿ ಹಿಗ್ಗಿಸುವುದು, ಗೋಳದ ಒಳಹೊರಗನ್ನು ಅದಲುಬದಲು ಮಾಡುವುದು, ಇವುಗಳ ಜೋಡಣೆಗಳು. ಮೂಲೆಯನ್ನು ಚಪ್ಪಟೆ ಮಾಡುವ ಶಕ್ತಿ ಇವುಗಳಿಗಿಲ್ಲ. ಹಾಗಾಗಿ ಬೆಣೆಯ ಸೂತ್ರ ಪಟ್ಟಿಯ ಉದ್ದನೆಯ ಅಂಚಿಗೆ ಸಲ್ಲುತ್ತದೆ, ಪಟ್ಟಿ ಮುಗಿಯುವಲ್ಲಿ ಮೂರು ಅಂಚುಗಳು ಸೇರುವ ತುದಿಗೆ ಸಲ್ಲುವುದಿಲ್ಲ. ಲೋಹದ ಘನದ ಅಂಥ ತುದಿಯ ಬಳಿ ವೋಲ್ಟೇಜು ದೂರದ ಸುಮಾರು 0.45ನೇ ಘಾತದಂತೆ ಬದಲಾಗುತ್ತದೆ, ಕ್ಷೇತ್ರ ಸುಮಾರು −0.55ನೇ ಘಾತದಂತೆ. ತೆಳು ತಗಡಿನ ಅಂಚಿಗಿಂತಲೂ ಇದು ತುಸು ಚುರುಕು. ಈ ಸಂಖ್ಯೆಗೆ π/β ಯಂಥ ಸರಳ ಸೂತ್ರವಿಲ್ಲ, ಅದನ್ನು ಕಂಪ್ಯೂಟರಿನಲ್ಲೇ ಲೆಕ್ಕ ಹಾಕಬೇಕು.